ಹಸಿ ಮಣ್ಣಿನಲ್ಲಿ ಹಳದಿ ಎಲೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಮನಿ ಪ್ಲಾಂಟ್ ಬಳ್ಳಿಯ ತುದಿ ಚಿಗುರುತ್ತಲೇ ಇದೆ, ಬುಡದ ನಾಲ್ಕು ಎಲೆ ಮಾತ್ರ ಹಳದಿ ತಿರುಗಿವೆ. "ದಿನಾ ಒಂದು ಲೋಟ ನೀರು ಹಾಕ್ತೀನಿ, ಮಣ್ಣು ಒಣಗೋಕೇ ಬಿಟ್ಟಿಲ್ಲ, ಆದರೂ ಯಾಕೆ ಹೀಗೆ?" ಅಂತ ಕೇಳಿದ್ದೀಯ. ಆ "ಆದರೂ" ಇರುವ ಕಡೆ "ಅದಕ್ಕೇ" ಅಂತ ಓದಿಕೊಂಡರೆ ಉತ್ತರ ಅಲ್ಲೇ ಸಿಗುತ್ತದೆ ಮಗಳೇ.

ಬೇರು ನೀರು ಕುಡಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಅದು ಉಸಿರಾಡುತ್ತದೆ ಅನ್ನುವುದು ನೆನಪಿರುವುದಿಲ್ಲ. ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯೇ ಅದರ ಉಸಿರು. ಆ ಸಂದಿಗಳೆಲ್ಲ ನೀರು ತುಂಬಿಕೊಂಡೇ ಇದ್ದರೆ ಆಮ್ಲಜನಕ ಬೇರಿಗೆ ತಲುಪುವುದಿಲ್ಲ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ಉಸಿರುಗಟ್ಟಿದ ಬೇರಿಗೆ ಮಣ್ಣಿನಿಂದ ಸಾರಜನಕವನ್ನು ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಆಗ ಗಿಡ ಹಳೆಯ ಎಲೆಗಳಲ್ಲಿರುವ ಸಾರಜನಕವನ್ನೇ ಬಿಚ್ಚಿ ಚಿಗುರಿಗೆ ಸಾಗಿಸುತ್ತದೆ. ಅದಕ್ಕೇ ಹಳದಿ ಬುಡದಿಂದ ಶುರುವಾಗುತ್ತದೆ, ತುದಿ ನೋಡಿದರೆ ಏನೂ ಆಗಿಲ್ಲವೇನೋ ಅನ್ನಿಸುತ್ತದೆ.

ಹಲವು ತಿಂಗಳಿಗೊಮ್ಮೆ ಒಂದು ಮುದಿ ಎಲೆ ಹಣ್ಣಾಗಿ ಉದುರಿದರೆ ಅದು ಸಹಜ. ಒಂದೇ ವಾರದಲ್ಲಿ ನಾಲ್ಕು ಅಂದರೆ ಹಾಗಲ್ಲ. ನೀರು ಸಾಲದೆ ಹಳದಿಯಾದ ಎಲೆಯ ಅಂಚು ಗರಿಗರಿಯಾಗಿರುತ್ತದೆ, ಕುಂಡ ಎತ್ತಿದರೆ ಹಗುರ. ನಿನ್ನ ಎಲೆ ಮೆತ್ತಗೆ ಜೋತುಬಿದ್ದಿದೆ, ಕುಂಡ ಭಾರವಾಗಿದೆ ಅಂತ ನೀನೇ ಬರೆದಿದ್ದೀಯ.

ನಾನೂ ಹೀಗೇ ಒಂದು ಗಿಡ ಕಳೆದುಕೊಂಡವಳು. ಅಂದದ ಪಿಂಗಾಣಿ ಕುಂಡ, ಅಡಿಯಲ್ಲಿ ತೂತಿಲ್ಲ. ನೀರು ಇಳಿಯಲಿ ಅಂತ ತಳಕ್ಕೆ ಎರಡು ಇಂಚು ಬೆಣಚುಕಲ್ಲು ಹಾಕಿದ್ದೆ. ಈ ಕಲ್ಲಿನ ಉಪಾಯವನ್ನು ನಂಬಬೇಡ. ಸಣ್ಣ ಕಣದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೂರ್ತಿ ತೊಯ್ದು ತುಂಬುವ ತನಕ ಕಲ್ಲಿನ ದೊಡ್ಡ ಸಂದಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ತಳದಲ್ಲಿ ಇರಬೇಕಿದ್ದ ಕೆಸರು ಕಲ್ಲಿನ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರ ಬಂದು ನಿಲ್ಲುತ್ತದೆ. ಮೇಲ್ಮಣ್ಣು ಆರಿದ್ದು ಕಂಡು ನಾನು ಮತ್ತೆ ನೀರು ಹಾಕುತ್ತಿದ್ದೆ. ಕೊನೆಗೆ ಕಿತ್ತು ನೋಡಿದರೆ ಕೊಳೆತ ವಾಸನೆ. ಬೇರು ಹಿಡಿದೆಳೆದರೆ ಕಂದು ಸಿಪ್ಪೆ ಬೆರಳಿಗೆ ಕಳಚಿ ಬಂತು, ಒಳಗಿನ ನೂಲಿನಂಥ ಎಳೆ ಮಾತ್ರ ಮಣ್ಣಿನಲ್ಲಿ ಉಳಿಯಿತು.

ಬಾಟಲಿಯ ನೀರಿನಲ್ಲೇ ಮನಿ ಪ್ಲಾಂಟ್ ಬೆಳೆಯುತ್ತದಲ್ಲ ದೊಡ್ಡಮ್ಮ ಅಂತ ನೀನು ಕೇಳಿಯೇ ಕೇಳುತ್ತೀಯ. ನೀರಿನಲ್ಲೇ ಹುಟ್ಟಿದ ಬೇರು ಅಲ್ಲಿಗೆ ಹೊಂದಿಕೊಂಡೇ ಬೆಳೆದಿರುತ್ತದೆ, ನಾವು ನೀರು ಬದಲಿಸಿದಾಗಲೆಲ್ಲ ಹೊಸ ಆಮ್ಲಜನಕವೂ ಸಿಗುತ್ತದೆ. ಮಣ್ಣಿನಲ್ಲಿ ಹುಟ್ಟಿದ ಬೇರಿಗೆ ಆ ಅಭ್ಯಾಸವಿಲ್ಲ. ಕುಂಡದಲ್ಲಿ ನಿಂತ ನೀರು ಬದಲಾಗುವುದೂ ಇಲ್ಲ, ಕೊಳೆಸುವ ಶಿಲೀಂಧ್ರಗಳಿಗೆ ಅದು ಅನುಕೂಲ.

ಈಗ ಮಾಡಬೇಕಾದ್ದು ಇಷ್ಟು. ಕುಂಡ ಓರೆ ಮಾಡಿ, ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಮೆಲ್ಲಗೆ ಹೊರಗೆ ಜಾರಿಸು. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಹಾಗೇ ಒಳಗಿಟ್ಟು, ಮಣ್ಣು ಆರುವ ತನಕ ನೀರು ಹಾಕದಿದ್ದರೆ ಸಾಕು. ಕಂದಾಗಿದ್ದು, ಹಿಸುಕಿದರೆ ಪಿಚಕ್ಕನ್ನುವಂತಿದ್ದರೆ ಒದ್ದೆ ಮಣ್ಣು ಉದುರಿಸಿ, ಕೊಳೆತದ್ದನ್ನೆಲ್ಲ ಶುಚಿಯಾದ ಕತ್ತರಿಯಿಂದ ಕತ್ತರಿಸಿಬಿಡು. ಈ ಗಿಡದ ರಸ ತಾಗಿದರೆ ತುರಿಕೆಯಾಗಬಹುದು, ಕೈ ತೊಳೆದುಕೋ. ಉಳಿದ ಬೇರಿಗಿಂತ ಒಂದಿಂಚಷ್ಟೇ ಅಗಲವಿರುವ, ತೂತಿರುವ ಕುಂಡ ಸಾಕು. ದೊಡ್ಡದಾದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ಮತ್ತೆ ನಿಲ್ಲುತ್ತದೆ. ಎರಡು ಪಾಲು ಹೊಸ ಮಣ್ಣಿಗೆ ಒಂದು ಪಾಲು ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು ಬೆರೆಸು, ಗಾಳಿಯ ಸಂದಿ ಉಳಿಯುತ್ತದೆ. ಹೊಸ ಎಲೆ ಬರುವ ತನಕ ಗೊಬ್ಬರ ಬೇಡ. ಎಳೆದುಕೊಳ್ಳಲಾರದ ಬೇರಿಗೆ ಅದು ಹೊರೆ.

ಕೋಣೆಯ ಮೂಲೆಯಿಂದ ತೆಗೆದು, ನೇರ ಬಿಸಿಲು ಬೀಳದ ಹಾಗೆ ಕಿಟಕಿಯ ಹತ್ತಿರ ಇಡು. ಬೆಳಕು ಕಡಿಮೆಯಾದಷ್ಟೂ ಗಿಡ ನೀರು ಬಳಸುವುದು ಕಡಿಮೆ, ನೀನು ಹಾಕುವ ಲೋಟ ಮಾತ್ರ ಅಷ್ಟೇ ಇತ್ತು. ಇನ್ನು ಮೇಲೆ ದಿನ ಎಣಿಸಬೇಡ. ಬೆರಳನ್ನು ಎರಡು ಇಂಚು ಒಳಗೆ ಇಳಿಸಿ ನೋಡು. ತಣ್ಣಗೆ ತೇವ ತಾಗಿದರೆ ಬಿಡು. ಒಣಗಿದ್ದರೆ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಗೆ ಇಳಿದದ್ದನ್ನು ಚೆಲ್ಲು.

ಹಳದಿಯಾದ ಎಲೆ ಮತ್ತೆ ಹಸಿರಾಗದು, ಚಿವುಟಿಬಿಡು. ಬೇರುಗಳೆಲ್ಲ ಕೊಳೆತಿದ್ದರೂ ಗಾಬರಿಯಾಗಬೇಡ. ತುದಿಯ ಕಡೆಯಿಂದ ಎರಡು ಗೆಣ್ಣಿರುವ ತುಂಡು ಕತ್ತರಿಸಿ, ಒಂದು ಗೆಣ್ಣು ನೀರಿನೊಳಗಿರುವಂತೆ ಲೋಟದಲ್ಲಿಡು, ವಾರಕ್ಕೊಮ್ಮೆ ನೀರು ಬದಲಿಸು. ಎರಡು ಮೂರು ವಾರದಲ್ಲಿ ಆ ಗೆಣ್ಣಿನಿಂದ ಬಿಳಿ ಬೇರು ಇಣುಕುತ್ತದೆ.

ನಾಳೆಯೇ ಕಿತ್ತು ನೋಡಿ ಬೇರಿನ ಫೋಟೋ ಕಳಿಸು, ಎಷ್ಟು ಕತ್ತರಿಸಬೇಕು ಅಂತ ಹೇಳುತ್ತೇನೆ.

ನಿನ್ನ ದೊಡ್ಡಮ್ಮ