ಕಾಲೆಳೆಯುವ ಸರದಿ

ಪುಟ್ಟಿ,

ಭಾನುವಾರ ನೀವು ಐದು ಜನ ಹಾಲ್‌ನಲ್ಲಿ ಕೂತಿದ್ದಾಗ ನಾನು ಅಡುಗೆಮನೆಯಲ್ಲಿ ಬಜ್ಜಿ ಕರಿಯುತ್ತಿದ್ದೆ. ಧಾರವಾಡದಿಂದ ಬಂದಿರುವ ನಿನ್ನ ಗೆಳತಿ ಬಾಗಿಲ ಹತ್ತಿರ ಬಂದು "ಸ್ವಲ್ಪ ನೀರ್ ಕೊಡ್ರಿ ಆಂಟಿ" ಎಂದಳು. ಒಳಗಿಂದ ಯಾರೋ "ನೀರ್ ಕೊಡ್ರೀ..." ಎಂದು ರಾಗ ಎಳೆದರು. ಎಲ್ಲರೂ ನಕ್ಕಿರಿ.

ಆಮೇಲೆ ನಾನು ಲೆಕ್ಕ ಇಟ್ಟೆ. ಎರಡು ಗಂಟೆಯಲ್ಲಿ ಅವಳ ಕಾಲೆಳೆದದ್ದು 11 ಸಲ. ನಿನ್ನದು 2 ಸಲ. ರಾಗ ಎಳೆದವಳದ್ದು ಒಂದು ಸಲವೂ ಇಲ್ಲ. ಯಾವಾಗಲೂ "ಬರ್ತೀನ್ರಿ ಆಂಟಿ" ಎಂದು ಹೇಳಿ ಹೋಗುವ ಹುಡುಗಿ ಅವತ್ತು ಸುಮ್ನೆ ತಲೆಯಾಡಿಸಿ ಹೋದಳು.

"ಅವಳೂ ನಗ್ತಾಳಲ್ಲಮ್ಮ" ಅಂದೆ ನೀನು. ನಗುತ್ತಾಳೆ, ನಿಜ. ಆದರೆ ಗಮನಿಸು, ಮೊದಲು ನಿಮ್ಮ ಮುಖ ನೋಡುತ್ತಾಳೆ, ಆಮೇಲೆ ನಗುತ್ತಾಳೆ. ತಮಾಷೆ ಹಿಡಿಸಿದವರ ನಗು ಹಾಗೆ ತಡವಾಗಿ ಬರುವುದಿಲ್ಲ.

ನಿಮ್ಮಲ್ಲಿ ಯಾರೂ ಕೆಟ್ಟವರಲ್ಲ. ಅವಳು ತಿರುಗಿ ಮಾತಾಡುವುದಿಲ್ಲ, ಅಷ್ಟೇ. ಒಮ್ಮೆ ನಗು ತಂದ ಮಾತು ಮತ್ತೆ ಸುಲಭವಾಗಿ ಬಾಯಿಗೆ ಬರುತ್ತದೆ. ಅವಳು ಸಿಕ್ಕಿರುವಷ್ಟು ಹೊತ್ತು ಉಳಿದವರ ಸರದಿ ಬರುವುದೂ ಇಲ್ಲ. ಹೀಗೇ ಒಬ್ಬಳ ಮೇಲೇ ಬಂದು ನಿಲ್ಲುತ್ತದೆ.

ಹಾಗಂತ ಎಲ್ಲರ ಮುಂದೆ "ಪಾಪ, ಅವಳನ್ನ ಬಿಡ್ರೇ" ಅನ್ನಬೇಡ. ಆಗಲೂ ಎಲ್ಲರ ಕಣ್ಣು ಅವಳ ಮೇಲೇ ಬೀಳುತ್ತದೆ. ಅದರ ಬದಲು ಮಾತನ್ನು ಬೇರೆ ಕಡೆ ತಿರುಗಿಸು. ಮುಂದಿನ ಸಲ ಯಾರಾದರೂ ರಾಗ ಎಳೆದ ತಕ್ಷಣ, ನೀನು ಟೀಗೆ ಸಕ್ಕರೆ ಅಂತ ಉಪ್ಪು ಹಾಕಿದ ಕಥೆ ಹೇಳು. ಅದು ಮುಗಿಯುತ್ತಿದ್ದ ಹಾಗೆ, ರಾಗ ಎಳೆದವಳು ಬಸ್ಸಲ್ಲಿ ನಿದ್ದೆ ಹೋಗಿ ಮುಂದಿನ ಸ್ಟಾಪಲ್ಲಿ ಇಳಿದದ್ದನ್ನು ತೆಗಿ. ಎರಡು ಮೂರು ಸಲ ಹೀಗಾದರೆ ಸರದಿ ತಾನಾಗೇ ಸುತ್ತುತ್ತದೆ. ರಾಗ ಎಳೆದವಳು ತನ್ನ ಸರದಿಗೆ ಮುಖ ಊದಿಸಿಕೊಂಡರೆ, ಇಷ್ಟು ದಿನ ಅದು ಬರೀ ತಮಾಷೆ ಆಗಿರಲಿಲ್ಲ ಅಂತ ನಿನಗೇ ಗೊತ್ತಾಗುತ್ತದೆ.

ಆದರೆ ಬರೀ ಎಣಿಕೆ ಸಮ ಆದರೆ ಸಾಲದು. ಉಪ್ಪು ಹಾಕಿದ್ದು ನೀನು ಮಾಡಿದ ಎಡವಟ್ಟು, ನಾಳೆ ಮರೆತುಹೋಗುತ್ತದೆ. ಅವಳ ಮಾತು ಹಾಗಲ್ಲ, ಅದು ಅವಳ ಅಮ್ಮ ಮನೆಯಲ್ಲಿ ಆಡುವ ಮಾತು. ಭಾಷೆ, ಬಣ್ಣ, ಮೈಕಟ್ಟು, ಮನೆಯ ಪರಿಸ್ಥಿತಿ ಯಾರ ಸರದಿಯಲ್ಲೂ ಬರಬಾರದು. ಸರದಿಯೇ ಬೇಡ ಅನ್ನುವವರೂ ಇರುತ್ತಾರೆ, ಅವರನ್ನು ಅವರ ಪಾಡಿಗೆ ಬಿಡಿ.

ಅವಳ ಜೊತೆ ಒಬ್ಬಳೇ ಇದ್ದಾಗ ಕೇಳು, "ಆ ರಾಗ ಎಳೆಯೋದು ನಿಂಗೆ ಬೇಜಾರಾಗುತ್ತಾ?" ಅಂತ. "ಇಲ್ಲ ಬಿಡು" ಎಂದು ಬೇಗ ಹೇಳಿದರೆ ಅದನ್ನೇ ನಂಬಿಬಿಡಬೇಡ.

ಈ ಭಾನುವಾರವೂ ಅವಳನ್ನು ಕರಿ. ಸ್ವಲ್ಪ ಮುಂಚೆಯೇ ಬರಲಿ, ನನ್ನ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡಲಿ. ಅವಳ ಮಾತು ಕೇಳಲು ನನಗೆ ಇಷ್ಟ.

ನಿನ್ನ ಅಮ್ಮ