ಶಹಾಬಾದ್ ಕಲ್ಲು ಲಾರಿಗೆ ಹೇರುವ ರೀತಿಯ ಬಗ್ಗೆ ದೂರು

ಇಂದ:
ಕಲ್ಲು ಅಂಗಡಿಯವರು ಮತ್ತು ಕಟ್ಟಡ ಗುತ್ತಿಗೆದಾರರು, ಬೀದರ್

ಗೆ:
ವ್ಯವಸ್ಥಾಪಕರು, ಸರಕು ಸಾಗಣೆ ವಿಭಾಗ, ಶಹಾಬಾದ್ ಬುಕಿಂಗ್ ಕಚೇರಿ

ವಿಷಯ: ಮಿತಿ ಮೀರಿದ ತೂಕ, ಒಡೆದ ಕಲ್ಲು, ಕಲ್ಲಿನ ಮೇಲೆ ಜನ ಕೂರಿಸಿದ್ದು

ಮಾನ್ಯರೇ,

ನಿಮ್ಮ ಲಾರಿಯಲ್ಲಿ ನಮಗೆ ಬಂದ ಕೊನೆಯ ಲೋಡ್‌ನ ಬಿಲ್ಟಿಯಲ್ಲಿ ಒಂದು ಇಂಚು ದಪ್ಪದ, ಎರಡಡಿ ಚೌಕದ ಫರ್ಸಿ 2,600 ಚದರಡಿ ಎಂದಿದೆ. ಲಾರಿ ಎರಡು ಆಕ್ಸಲ್‌ನದು. ಕಾಟಾ ಚೀಟಿ ಬಿಲ್ಟಿಯ ಜೊತೆಗಿರಲಿಲ್ಲ, ಕೇಳಿದರೂ ಸಿಗಲಿಲ್ಲ. ಮುಂದಿನ ಸಾಲಿನ ಕಲ್ಲುಗಳ ಕೆಳಮೂಲೆಗಳು ಒಡೆದಿದ್ದವು, ಅದರ ಹಿಂದಿನ ಸಾಲಿನಲ್ಲಿ ಬಿರುಕು ಬಿಟ್ಟಿತ್ತು. ದೂರವಾಣಿಯಲ್ಲಿ ನಿಮ್ಮ ಕಚೇರಿ ಕೊಟ್ಟ ಉತ್ತರ ಎರಡೇ ಮಾತು: ರಸ್ತೆ ಕೆಟ್ಟಿದೆ, ಹೇರಿದ್ದು ಡ್ರೈವರ್ ಜವಾಬ್ದಾರಿ. ಎರಡನ್ನೂ ನಾವು ಒಪ್ಪುವುದಿಲ್ಲ. ಯಾಕೆ ಎಂಬುದನ್ನು ಲೆಕ್ಕ ಸಮೇತ ಬರೆಯುತ್ತಿದ್ದೇವೆ.

ಮೊದಲು ತೂಕ. ಕಾಟಾ ಚೀಟಿ ಇಲ್ಲದಿದ್ದರೂ ಬಿಲ್ಟಿಯಿಂದಲೇ ತೂಕ ತಿಳಿಯುತ್ತದೆ. ಈ ಸುಣ್ಣಕಲ್ಲು ಒಂದು ಘನ ಮೀಟರ್‌ಗೆ ಸುಮಾರು 2.6 ಟನ್ ತೂಗುತ್ತದೆ. ಒಂದು ಇಂಚು ದಪ್ಪದ ಒಂದು ಚದರಡಿ ಕಲ್ಲೆಂದರೆ 6 ಕೆಜಿಗೆ ತುಸು ಮೇಲೆ. ಅಂದರೆ 2,600 ಚದರಡಿ ಕಲ್ಲು 16 ಟನ್ ಆಸುಪಾಸು. 2018ರಲ್ಲಿ ಆಕ್ಸಲ್ ಮಿತಿ ಏರಿಸಿದ ಮೇಲೆ ಎರಡು ಆಕ್ಸಲ್ ಲಾರಿಗೆ ಮುಂದಿನ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ 11.5 ಟನ್, ಒಟ್ಟು 18.5 ಟನ್. ಆರ್‌ಸಿಯಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಆರ್‌ಸಿಯದೇ ಲೆಕ್ಕ. ಖಾಲಿ ಲಾರಿಯ ತೂಕ 7 ಟನ್ ಎಂದಿಟ್ಟುಕೊಂಡರೆ ಉಳಿಯುವುದು 11.5 ಟನ್, ಅಂದರೆ ಹತ್ತಿರ ಹತ್ತಿರ 1,900 ಚದರಡಿ. ಉಳಿದ 700 ಚದರಡಿ, ನಾಲ್ಕು ಟನ್ ದಾಟಿದ ಭಾರ, ಆ ಲಾರಿ ಏರಲೇ ಬಾರದಿತ್ತು.

ಏರಿದ್ದು ಯಾಕೆ ಎಂಬುದೂ ನಮಗೆ ಗೊತ್ತು. ತೊಗರಿ ಚೀಲ ಹೇರಿದರೆ ಬಾಡಿ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಕಲ್ಲು ಹಾಗಲ್ಲ. 11.5 ಟನ್ ಫರ್ಸಿಯನ್ನು ಎರಡಡಿ ಎತ್ತರಕ್ಕೆ ಮೂರು ಸಾಲಾಗಿ ನಿಲ್ಲಿಸಿದರೆ 13 ಅಡಿ ಉದ್ದದಲ್ಲಿ ಮುಗಿದುಹೋಗುತ್ತದೆ. ಮುಂದೆ ಎರಡಡಿ ಬಿಟ್ಟರೂ 20 ಅಡಿ ಬಾಡಿಯ ಹಿಂದುಗಡೆ ಐದಡಿ ಜಾಗ ಖಾಲಿ ಕಾಣುತ್ತದೆ, ಬಾಡಿಗೆಯೂ ಚದರಡಿ ಲೆಕ್ಕದಲ್ಲಿದೆ, ಇನ್ನೇನು ಬೇಕು! ಆ ಐದಡಿಯಲ್ಲೇ ನಾಲ್ಕು ಟನ್ ಕೂರುತ್ತದೆ. ನಮ್ಮ ಲೋಡ್‌ನಲ್ಲಿ ಆದದ್ದು ಇದೇ.

ಆದರೆ ಆ ನಾಲ್ಕು ಟನ್ ಕೂತ ಜಾಗ ತೂಕಕ್ಕಿಂತ ಕೆಟ್ಟದ್ದು. ಅದು ಹಿಂದಿನ ಆಕ್ಸಲ್‌ನಿಂದಲೂ ಹಿಂದೆ ಜೋತಿರುತ್ತದೆ. ಹೀಗಾಗಿ ಹಿಂದಿನ ಆಕ್ಸಲ್ ಮೇಲೆ ತನ್ನ ತೂಕಕ್ಕಿಂತ ಹೆಚ್ಚು, ಸುಮಾರು ಐದೂವರೆ ಟನ್ ಒತ್ತಡ ಹಾಕಿ, ಮುಂದಿನ ಆಕ್ಸಲ್‌ನಿಂದ ಒಂದು ಟನ್‌ಗೂ ಮಿಕ್ಕಿ ಎತ್ತಿಬಿಡುತ್ತದೆ. ಸ್ಟೀರಿಂಗ್ ಹಗುರಾಗುವುದು, ಹಂಪ್ ದಾಟುವಾಗ ಮುಂದಿನ ಗಾಲಿ ಕುಣಿಯುವುದು, ಹಿಂದಿನ ಜೋಡಿ ಟೈರುಗಳ ಹೊಟ್ಟೆ ಒಂದಕ್ಕೊಂದು ತಾಗಿ ಕಾಯುವುದು ಇದರಿಂದಲೇ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರ್‌ಗೆ ಬರುವ ಹೆದ್ದಾರಿಯಲ್ಲಿ ಬೇಸಿಗೆ ಮಧ್ಯಾಹ್ನ ಅಂಥ ಟೈರು ಏನಾಗುತ್ತದೆ ಎಂದು ನಿಮ್ಮ ಡ್ರೈವರ್‌ಗಳನ್ನೇ ಕೇಳಿ.

ಇನ್ನು ಒಡೆದ ಕಲ್ಲಿನ ವಿಷಯ. ಕಾರಣ ರಸ್ತೆಯಲ್ಲ. ಕಲ್ಲಿನ ಮೊದಲ ಸಾಲಿಗೂ ಕ್ಯಾಬಿನ್ ಹಿಂದಿನ ತಡೆಗೋಡೆಗೂ ನಡುವೆ ಲೋಡ್ ಮಾಡುವಾಗ ಎರಡಡಿ ಜಾಗ ಬಿಟ್ಟಿದ್ದರು. ಬೀದರ್‌ನಲ್ಲಿ ಇಳಿಸುವಾಗ ಆ ಜಾಗ ಇರಲಿಲ್ಲ, ಸಾಲು ಹೋಗಿ ಗೋಡೆಗೆ ಬಡಿದಿತ್ತು. ಬಾಡಿಯ ತಗಡಿನ ಮೇಲೆ ಕಲ್ಲು ಜಾರಿದ ಉದ್ದನೆಯ ಬಿಳಿ ಗೀರುಗಳು ಹಾಗೇ ಇದ್ದವು, ಫೋಟೋ ಲಗತ್ತಿಸಿದ್ದೇವೆ. ಗುಂಡಿಗೆ ಬಿದ್ದು ಒಡೆದ ಕಲ್ಲು ಎಲ್ಲ ಸಾಲಿನಲ್ಲೂ ಅಲ್ಲಲ್ಲಿ ಸಿಗುತ್ತದೆ. ಬ್ರೇಕ್‌ಗೆ ಜಾರಿ ಒಡೆದದ್ದು ಮುಂದಿನ ಸಾಲಿನ ಕೆಳಮೂಲೆಯಲ್ಲೇ ಸಿಗುತ್ತದೆ.

ಆ ಎರಡಡಿ ಬಿಟ್ಟದ್ದು ತಪ್ಪಲ್ಲ ಎಂದೂ ಹೇಳಬೇಕು. ಕಲ್ಲನ್ನೆಲ್ಲ ಕ್ಯಾಬಿನ್‌ಗೆ ಒತ್ತಿ ನಿಲ್ಲಿಸಿದರೆ ಮುಂದಿನ ಆಕ್ಸಲ್ ತನ್ನ 7 ಟನ್ ದಾಟುತ್ತದೆ. ಅನುಭವದ ಮೇಸ್ತ್ರಿ ಜಾಗ ಬಿಡುವುದು ಅದಕ್ಕೇ. ತಪ್ಪಾದದ್ದು ಬಿಟ್ಟ ಜಾಗವನ್ನು ಖಾಲಿ ಬಿಟ್ಟದ್ದು. ಗಟ್ಟಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ನೂರಕ್ಕೆ ಹತ್ತಿರ ಹತ್ತಿರ 80 ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದು ಹಿಡಿದೇ ಕಟ್ಟಬೇಕೆಂಬುದು ಲೋಡ್ ಕಟ್ಟುವ ಲೆಕ್ಕ. 11.5 ಟನ್‌ಗೆ ಅದು 9.2 ಟನ್. ಕಲ್ಲಿನ ಪುಡಿ ಬಿದ್ದ ತಗಡಿನ ಮೇಲೆ ಘರ್ಷಣೆ ತಡೆಯುವುದು ನೂರಕ್ಕೆ 30 ಪಾಲು, ಸುಮಾರು 3.5 ಟನ್. ಉಳಿದ 5.7 ಟನ್ ತಡೆಯುವವರು ಯಾರು?

ಹಗ್ಗ ಅಂತೂ ಅಲ್ಲ. ಮೇಲಿನಿಂದ ಹಾಯಿಸಿ ಕಟ್ಟುವ ಹಗ್ಗವಾಗಲಿ ಪಟ್ಟಿಯಾಗಲಿ ಕಲ್ಲನ್ನು ಹಿಡಿದು ನಿಲ್ಲಿಸುವುದಿಲ್ಲ, ಕೆಳಕ್ಕೆ ಅದುಮಿ ಘರ್ಷಣೆ ಹೆಚ್ಚಿಸುತ್ತದೆ ಅಷ್ಟೇ. ರ‍್ಯಾಚೆಟ್ ಪಟ್ಟಿಯನ್ನು 300 ಕೆಜಿ ಬಿಗಿತಕ್ಕೆ ಎಳೆದರೆ ಎರಡೂ ಬದಿ ಸೇರಿ 600 ಕೆಜಿ ಅದುಮುತ್ತದೆ, ಅದರ 30 ಪಾಲು 180 ಕೆಜಿ. ಈ ಲೆಕ್ಕದಲ್ಲಿ 5.7 ಟನ್‌ಗೆ ಮೂವತ್ತಕ್ಕೂ ಹೆಚ್ಚು ಪಟ್ಟಿ ಬೇಕು. ನಿಮ್ಮ ಲಾರಿಯಲ್ಲಿದ್ದದ್ದು ನಾಲ್ಕು ನೈಲಾನ್ ಹಗ್ಗ, ಅವೂ ಇಳಿಸುವ ಹೊತ್ತಿಗೆ ಸಡಿಲಾಗಿ ಜೋತಾಡುತ್ತಿದ್ದವು. ಮೊದಲ ಕೆಲವು ಕಿಲೋಮೀಟರ್‌ನಲ್ಲೇ ಕಲ್ಲು ಅಲುಗಿ ಕೂರುತ್ತದೆ, ಹಗ್ಗ ಸಡಿಲಾಗುತ್ತದೆ. ಆದ್ದರಿಂದ ಕಲಬುರಗಿ ದಾಟುವ ಮೊದಲು ಒಮ್ಮೆ ಲಾರಿ ನಿಲ್ಲಿಸಿ ಬಿಗಿ ನೋಡುವುದು ಡ್ರೈವರ್ ಕೆಲಸ. ಆ ಹದಿನೈದು ನಿಮಿಷಕ್ಕೆ ತಡ ಎಂದು ಫೋನ್ ಮಾಡಿ ಗದರದಿರುವುದು ಕಚೇರಿಯ ಕೆಲಸ.

ಮುಂದಕ್ಕೆ ನುಗ್ಗುವುದನ್ನು ತಡೆಯುವುದು ಆಸರೆ. ಮುಂದಿನ ಲೋಡ್‌ಗಳಲ್ಲಿ ಹೀಗೆ ಮಾಡಬೇಕೆಂದು ಕೋರುತ್ತೇವೆ. ಹೇರುವ ಮೊದಲು ತಗಡನ್ನು ಗುಡಿಸಿ, ಕಲ್ಲಿನಡಿ ರಬ್ಬರ್ ಚಾಪೆ ಹಾಸಬೇಕು. ಚಾಪೆ ಹಾಸಿದರೆ ಘರ್ಷಣೆ ಸುಮಾರು 60 ಪಾಲಿಗೆ ಏರಿ, ತಡೆಯಬೇಕಾದ ಬಲ 5.7 ಟನ್‌ನಿಂದ 2.3 ಟನ್‌ಗೆ ಇಳಿಯುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಬೇರೆ ಉಪಾಯ ನಮಗೆ ಗೊತ್ತಿಲ್ಲ. ಕಲ್ಲಿನ ಮುಖ ಕ್ಯಾಬಿನ್ ಕಡೆಗೆ ಇರುವಂತೆ ನಿಲ್ಲಿಸಬೇಕು. ಮುಖ ಪಕ್ಕಕ್ಕೆ ಮಾಡಿದರೆ ತಿರುವಿನಲ್ಲಿ ಇಡೀ ಸಾಲು ಡಾಲಾ ಮೇಲೆ ಬೀಳುತ್ತದೆ. ಎರಡಡಿ ಜಾಗದಲ್ಲಿ ನಾಲ್ಕಿಂಚಿನ ಮರದ ತೊಲೆಗಳನ್ನು ಅಡ್ಡಕ್ಕೆ ಎರಡು ಕಡೆ, ಒಂದು ತಗಡಿಗೆ ತಾಗಿ, ಇನ್ನೊಂದು ಕಲ್ಲಿನ ಅರ್ಧ ಎತ್ತರಕ್ಕೆ ಇಟ್ಟು, ಅವುಗಳಿಂದ ತಡೆಗೋಡೆಗೆ ಉದ್ದನೆಯ ತುಂಡುಗಳನ್ನು ಬಿಗಿಯಾಗಿ ಕೊಡಬೇಕು. ಮೂರು ಸಾಲು ಸೇರಿ ಆರಡಿ ಆಗುತ್ತದೆ, ಬಾಡಿಯ ಅಗಲ ಏಳೂವರೆ. ಎರಡೂ ಪಕ್ಕದಲ್ಲಿ ಉಳಿಯುವ ಮುಕ್ಕಾಲಡಿಗೂ ತೊಲೆಯೇ ಬೇಕು, ಹುಲ್ಲು, ಗೋಣಿತಟ್ಟು ಸಾಲದು. ಹಿಂದಿನ ಸಾಲಿಗೂ ಒಂದು ಅಡ್ಡ ದಿಮ್ಮಿ ಇರಲಿ.

ತೂಕದ ಚೀಟಿ ಎರಡು ಬೇಕು. ಮೊದಲು ಮುಂದಿನ ಗಾಲಿ ಮಾತ್ರ ಕಾಟಾ ಮೇಲೆ ಏರಿಸಿ ಒಂದು, ಆಮೇಲೆ ಇಡೀ ಲಾರಿಯದು ಇನ್ನೊಂದು. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್‌ನ ಭಾರ. ಒಟ್ಟು ತೂಕ ಸರಿಯಿದ್ದು ಒಂದು ಆಕ್ಸಲ್ ಮಾತ್ರ ಮಿತಿ ಮೀರುವುದು ಕಲ್ಲಿನ ಲೋಡ್‌ನಲ್ಲಿ ಸಾಮಾನ್ಯ.

ಈಗ ಜವಾಬ್ದಾರಿಯ ಮಾತು. ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಮಿತಿ ಮೀರಿದ ಲಾರಿ ಓಡಿಸುವವನನ್ನಷ್ಟೇ ಹಿಡಿಯುವುದಿಲ್ಲ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಓಡಿಸಿದವನು ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನ ಆಜ್ಞೆಯಂತೆಯೇ ನಡೆಯಿತೆಂದು ನ್ಯಾಯಾಲಯ ಊಹಿಸಬಹುದು ಎಂದೂ ಅದರಲ್ಲೇ ಇದೆ. 194ನೇ ಕಲಂನ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000. ನಮ್ಮ ಲೋಡ್‌ಗೆ ಕನಿಷ್ಠ 28,000, ಹೆಚ್ಚಿನದನ್ನು ಇಳಿಸುವ ಖರ್ಚು ಬೇರೆ. ತೂಕ ನೋಡಲು ನಿಲ್ಲಿಸದೆ ಹೋದರೆ 40,000. ದಂಡ ನೀವು ಕಟ್ಟಿದರೂ, ಮಿತಿ ಮೀರಿ ಹೇರಿದ್ದಕ್ಕೆ ಲೈಸೆನ್ಸ್ ಅಮಾನತಾಗುವುದು ಡ್ರೈವರ್‌ನದು. ಹೀಗಿರುವಾಗ ‘ತೂಕ ಹೆಚ್ಚಾಗಿದೆ, ಲಾರಿ ತೆಗೆಯುವುದಿಲ್ಲ’ ಎನ್ನುವ ಅಧಿಕಾರ ಅವರಿಗೆ ನೀವು ಬರೆದು ಕೊಡಬೇಕು. ಅಧಿಕಾರ ಕೊಡದೆ ಜವಾಬ್ದಾರಿ ಮಾತ್ರ ಹೊರಿಸುವುದು ನ್ಯಾಯವಲ್ಲ.

ಅದೇ ಲಾರಿಯ ಹಿಂಭಾಗದಲ್ಲಿ, ಬಿಗಿಯಾಗಿ ಕಟ್ಟದ ಕಲ್ಲಿನ ಮೇಲೆ, ನಾಲ್ವರು ಹಮಾಲರು ಕೂತು ಬಂದರು. ಕ್ಯಾಬಿನ್‌ನಲ್ಲಿ ಆರ್‌ಸಿ ಎಷ್ಟು ಸೀಟು ಹೇಳುತ್ತದೋ ಅಷ್ಟೇ ಜನ, ಸರಕಿನ ಮೇಲೆ ಯಾರೂ ಇಲ್ಲ. ಸರಕಿನ ಮಾಲೀಕನೇ ಆದರೂ ಕ್ಯಾಬಿನ್ ಬಿಟ್ಟು ಸರಕಿನ ಜೊತೆ ಹಿಂದೆ ಕೂತರೆ ಲಾರಿಯ ವಿಮೆಯಡಿ ಪರಿಹಾರ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ದಾರಿಯಲ್ಲಿ ಹತ್ತಿಸಿಕೊಂಡ ಕೂಲಿಯವರ ಪಾಡು ಏನು? ಇಳಿಸುವ ಆಳುಗಳನ್ನು ಬೀದರ್‌ನಲ್ಲೇ ನಾವು ಒದಗಿಸುತ್ತೇವೆ. ಶಹಾಬಾದ್‌ನಿಂದ ಯಾರನ್ನೂ ಕಳಿಸಬೇಡಿ.

ಒಡೆದ ಕಲ್ಲಿನ ಪಟ್ಟಿ, ಬೆಲೆ, ಬಿಲ್ಟಿಯ ಪ್ರತಿ ಲಗತ್ತಾಗಿವೆ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕಾಗಿದ್ದು, ಈ ಪತ್ರವನ್ನೇ ಆ ನೋಟಿಸ್ ಎಂದು ಪರಿಗಣಿಸಿ. ಹದಿನೈದು ದಿನದೊಳಗೆ ಕಲ್ಲಿನ ಮೊತ್ತವನ್ನು ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿಗೆ ಕೊಡಿ, ಇಲ್ಲವೇ ನಮ್ಮ ಖಾತೆಗೆ ಹಾಕಿ. ಬುಕ್ ಆಗಿರುವ ಮುಂದಿನ ಎರಡು ಲೋಡ್‌ಗಳು ಎರಡೂ ಕಾಟಾ ಚೀಟಿಗಳ ಜೊತೆ 1,900 ಚದರಡಿ ಮೀರದೆ ಬಂದರೆ ಮಾತ್ರ ಇಳಿಸಿಕೊಳ್ಳುತ್ತೇವೆ. ಕಲ್ಲು ಒಂದೂವರೆ ಇಂಚಿನದಾದರೆ 1,250 ಚದರಡಿ. ಚೀಟಿ ಇಲ್ಲದ ಲಾರಿಯನ್ನು ಅಂಗಳದ ಗೇಟಿನಲ್ಲೇ ನಿಲ್ಲಿಸಿ, ನಿಮ್ಮ ಖರ್ಚಿನಲ್ಲಿ ಇಲ್ಲಿಯ ಕಾಟಾಕ್ಕೆ ಕಳಿಸುತ್ತೇವೆ.

ಇಂತಿ,
ಬೀದರ್‌ನ ಕಲ್ಲು ಅಂಗಡಿಯವರು ಮತ್ತು ಕಟ್ಟಡ ಗುತ್ತಿಗೆದಾರರ ಪರವಾಗಿ

ಲಗತ್ತು: ಬಿಲ್ಟಿ ಪ್ರತಿ, ಒಡೆದ ಕಲ್ಲಿನ ಪಟ್ಟಿ, ಬಾಡಿಯ ಗೀರು ಮತ್ತು ಹಗ್ಗದ ಫೋಟೋಗಳು