ಫೋಟೋ, ಹುಟ್ಟಿದ ತಾರೀಖು ಕೇಳಿದರೆ ಏನಂತ ಉತ್ತರಿಸಬೇಕು: ಮಗಳಿಗೊಂದು ಪತ್ರ

ಕಾರವಾರ

ಪ್ರೀತಿಯ ಕೂಸೇ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಅರ್ಧಂಬರ್ಧ ಹೇಳುವುದು ಬೇಡ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಕನ್ಸಲ್ಟೆನ್ಸಿಯವರು ರೆಸ್ಯೂಮೆ ಜೊತೆ ಪಾಸ್‌ಪೋರ್ಟ್ ಸೈಜ್ ಫೋಟೋ ಮತ್ತು ಹುಟ್ಟಿದ ತಾರೀಖು ಕಳಿಸಿ ಅಂದಿದ್ದಾರೆ. ಕೆಲಸ ಅಮೆರಿಕದ ಕಂಪನಿಯೊಂದರ ಬೆಂಗಳೂರು ಆಫೀಸಿನಲ್ಲಿ, ಅಕೌಂಟ್ಸ್ ವಿಭಾಗದ್ದು. ಕಳಿಸದಿದ್ದರೆ ನಿನ್ನ ಹೆಸರು ಮುಂದೆ ಹೋಗುವುದಿಲ್ಲವೇನೋ, ಕಳಿಸಿದರೆ ವಯಸ್ಸು ನೋಡಿ ಬದಿಗಿಡುತ್ತಾರೇನೋ ಅಂತ ನಿನಗೆ ಎರಡೂ ಕಡೆ ಅಳುಕು.

ಆಯಿ ಇಷ್ಟು ವರ್ಷ ಕಂಟ್ರಾಕ್ಟರ್ ಆಫೀಸಿನಲ್ಲಿ ಕೂತು ಮಾಡಿದ್ದು ಇದೇ ಕೆಲಸ ಅಲ್ವಾ. ಸೀಬರ್ಡ್ ನೌಕಾನೆಲೆಗೋ ಕೈಗಾಕ್ಕೋ ಕೆಲಸಗಾರರನ್ನು ಕಳಿಸುವಾಗ ಗೇಟ್ ಪಾಸ್ ಬೇಕು. ಅದಕ್ಕೆ ಫೋಟೋ, ಹುಟ್ಟಿದ ತಾರೀಖು, ಗುರುತಿನ ಚೀಟಿ ಎಲ್ಲ ಕೇಳುತ್ತಿದ್ದೆವು. ಆದರೆ ಕೇಳುತ್ತಿದ್ದುದು ಆಯ್ಕೆಯಾದವರನ್ನು ಮಾತ್ರ. ಅರ್ಜಿ ಹಾಕಿದವರೆಲ್ಲರ ಫೋಟೋ ಇಟ್ಟುಕೊಂಡು ನಾವು ಮಾಡುವುದಾದರೂ ಏನು? ನೀನು ಮೊದಲು ನೋಡಬೇಕಾದದ್ದು ಇದನ್ನೇ: ಅವರು ಕೇಳುತ್ತಿರುವುದು ಯಾವ ಹಂತದಲ್ಲಿ, ಯಾವುದಕ್ಕೆ?

ಹುಟ್ಟಿದ ತಾರೀಖಿನಿಂದ ಶುರು ಮಾಡುತ್ತೇನೆ. ಕನ್ಸಲ್ಟೆನ್ಸಿಯವರ ಹತ್ತಿರ ಒಂದು ಎಕ್ಸೆಲ್ ಶೀಟ್ ಇರುತ್ತದೆ, ಟ್ರ್ಯಾಕರ್ ಅಂತಾರೆ. ಹೆಸರು, ಫೋನ್, ಈಗಿನ ಸಂಬಳ, ನೋಟಿಸ್ ಪೀರಿಯಡ್, ಹುಟ್ಟಿದ ತಾರೀಖು ಹೀಗೆ ಕಾಲಂಗಳು. ಒಬ್ಬಳನ್ನೇ ಎರಡು ಕನ್ಸಲ್ಟೆನ್ಸಿಗಳು ಕಳಿಸಿದರೆ ಕಮಿಷನ್ ಯಾರದು ಅಂತ ಜಗಳ ಬರುತ್ತದೆ. ಅದು ಬಾರದಿರಲಿ ಅಂತ ಕೆಲವು ಕಂಪನಿಗಳು ಹೆಸರಿನ ಜೊತೆ ತಾರೀಖನ್ನೂ ಸೇರಿಸಿ ಹೊಂದಿಸಿ ನೋಡುತ್ತವೆ. ಅಷ್ಟಕ್ಕೇ ಆದರೆ ದಿನ ಮತ್ತು ತಿಂಗಳು ಸಾಕು, ವರ್ಷ ಬೇಕಿಲ್ಲ. ಹೀಗೆ ವರ್ಷ ಬಿಟ್ಟು ಕೊಡುವುದು ಹೊಸದೇನಲ್ಲ, ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ವರ್ಷ ಯಾಕೆ ಬಿಡಬೇಕು ಅಂದರೆ, ವಯಸ್ಸಿನ ಮಾತು ಒಂದೇ ಅಲ್ಲ. ಇ-ಆಧಾರ್ ಫೈಲಿನ ಪಾಸ್‌ವರ್ಡ್ ಏನು ಹೇಳು? ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಬ್ಯಾಂಕಿನಿಂದ ಬರುವ ಎಷ್ಟೋ ಸ್ಟೇಟ್‌ಮೆಂಟುಗಳು ತೆರೆಯುವುದೂ ಹೆಸರು ಮತ್ತು ತಾರೀಖಿನಿಂದಲೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೂ ಗುರುತಿಗೆ ಅದನ್ನೇ ಕೇಳುತ್ತಾರೆ. ರೆಸ್ಯೂಮೆಯಲ್ಲಿ ನಿನ್ನ ಹೆಸರು, ಫೋನ್, ಇಮೇಲ್ ಮೊದಲೇ ಇವೆ. ಪೂರ್ತಿ ತಾರೀಖನ್ನೂ ಫೋಟೋವನ್ನೂ ಸೇರಿಸಿದರೆ, ಆ ಶೀಟು ಎಷ್ಟು ಕೈ ದಾಟುತ್ತದೋ ಅಷ್ಟು ಕಡೆ ನಿನ್ನ ಗುರುತು ಬಿದ್ದಿರುತ್ತದೆ. ಆಯ್ಕೆಯಾಗದ ಮೇಲೂ ಅದನ್ನು ಯಾರೂ ಅಳಿಸುವುದಿಲ್ಲ.

ವಯಸ್ಸಿನ ಬಗ್ಗೆ ಮಾತ್ರ ಒಂದು ಮಾತು ನೇರವಾಗಿ ಹೇಳುತ್ತೇನೆ. ತಾರೀಖು ಬಿಟ್ಟು ರೆಸ್ಯೂಮೆಯ ಕೊನೆಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದ ವರ್ಷ ಬರೆದಿದ್ದರೆ ಏನೂ ಮುಚ್ಚಿಟ್ಟಂತಾಗುವುದಿಲ್ಲ. ಅದರಿಂದ ಹದಿನಾರು ಕಳೆದರೆ ಹುಟ್ಟಿದ ವರ್ಷ ಹೆಚ್ಚುಕಮ್ಮಿ ಸಿಕ್ಕಿತು. ನೀನು ಬಿಕಾಂ ಮಾಡಿ, ಅನುಭವ ಇಟ್ಟುಕೊಂಡವಳು. ಎಸ್‌ಎಸ್‌ಎಲ್‌ಸಿ, ಪಿಯುಸಿ ಸಾಲುಗಳನ್ನು ತೆಗೆದುಬಿಡು. ಮಗುವಿಗಾಗಿ ಕೆಲಸ ಬಿಟ್ಟ ವರ್ಷಗಳನ್ನು ಮಾತ್ರ ಮುಚ್ಚಬೇಡ, ಅದಕ್ಕೆ ಒಂದು ಸಾಲು ಇರಲಿ.

ಇನ್ನು ಫೋಟೋ. ಅಮೆರಿಕದಲ್ಲಿ ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಿಂದ ದೂರ ಇಡಬಾರದು ಅಂತ 1967ರಲ್ಲೇ ಕಾನೂನು ಬಂದಿದೆ. ಬಣ್ಣ, ಜನಾಂಗ, ಲಿಂಗದ ಭೇದದ ವಿರುದ್ಧ ಅದಕ್ಕೂ ಮೊದಲೇ ಕಾನೂನು ಇತ್ತು. ಹಾಗಾಗಿ ಅರ್ಜಿಯ ಜೊತೆ ಫೋಟೋ ಕೇಳಬೇಡಿ, ಗುರುತಿಗೆ ಬೇಕಿದ್ದರೆ ಆಫರ್ ಒಪ್ಪಿಕೊಂಡ ಮೇಲೆ ತೆಗೆದುಕೊಳ್ಳಿ ಅಂತ ಅಲ್ಲಿನ ಸರ್ಕಾರಿ ಆಯೋಗವೇ ಕಂಪನಿಗಳಿಗೆ ಹೇಳುತ್ತದೆ. ಅಂಥ ಕಂಪನಿಯ ಎಚ್‌ಆರ್‌ಗೆ ಫೋಟೋ ಇರುವ ರೆಸ್ಯೂಮೆ ಬಂದರೆ ತಲೆನೋವೇ ಜಾಸ್ತಿ. ನಮ್ಮಲ್ಲಿ ಖಾಸಗಿ ಕಂಪನಿ ಇವನ್ನು ಕೇಳಲೇಬಾರದು ಅಂತ ನೇರವಾಗಿ ತಡೆಯುವ ಕಾನೂನು ಇಲ್ಲ, ಅದಕ್ಕೇ ಕಾನೂನು ಎತ್ತಿ ಜಗಳಕ್ಕೆ ಹೋಗಬೇಡ. ಇಲ್ಲಿ ಫೋಟೋ ಬೇಕಾಗಿರುವುದು ಬಹುಶಃ ಕನ್ಸಲ್ಟೆನ್ಸಿಯ ಹಳೇ ಫಾರ್ಮಿಗೆ, ಕಂಪನಿಗಲ್ಲ.

ಉತ್ತರ ತಡ ಮಾಡಬೇಡ. ರೆಸ್ಯೂಮೆಯನ್ನು ಇವತ್ತೇ ಕಳಿಸು, ಅದನ್ನು ತಡೆಹಿಡಿದು ಚರ್ಚೆ ಮಾಡಬೇಡ. ಅದರ ಜೊತೆ ಇಷ್ಟು ಬರೆ, ಇಂಗ್ಲಿಷ್ ನೀನೇ ಮಾಡಿಕೋ:

"ನಮಸ್ಕಾರ, ರೆಸ್ಯೂಮೆ ಲಗತ್ತಿಸಿದ್ದೇನೆ. ಡುಪ್ಲಿಕೇಟ್ ನೋಡಲು ತಾರೀಖು ಬೇಕಿದ್ದರೆ ನನ್ನ ಹುಟ್ಟಿದ ದಿನ, ತಿಂಗಳು ಹೀಗಿವೆ. ಪೂರ್ತಿ ತಾರೀಖು ಮತ್ತು ಫೋಟೋವನ್ನು ಆಫರ್ ಆದ ಮೇಲೆ ಜಾಯ್ನಿಂಗ್ ಕಾಗದಗಳ ಜೊತೆ ಕೊಡುತ್ತೇನೆ. ಈ ಹಂತದಲ್ಲೇ ಕಂಪನಿ ಕೇಳಿದ್ದರೆ ಯಾವುದಕ್ಕೆ ಅಂತ ತಿಳಿಸಿ. ಇಂಟರ್ವ್ಯೂಗೆ ಈ ವಾರ ಸಿಗುತ್ತೇನೆ."

ಇದರಲ್ಲಿ ಇಲ್ಲ ಅನ್ನೋ ಮಾತೇ ಇಲ್ಲ, ನೋಡು. ಅವರ ಶೀಟಿನ ಕಾಲಂ ತುಂಬಲು ಏನೋ ಸಿಕ್ಕಿತು. ಒಳ್ಳೆಯ ರಿಕ್ರೂಟರ್ ಆದರೆ ಸರಿ ಮೇಡಂ ಅಂತ ಮುಂದೆ ಹೋಗುತ್ತಾರೆ. ಇಲ್ಲ, ವರ್ಷ ಹಾಕದೆ ಫಾರ್ಮ್ ಸಬ್‌ಮಿಟ್ ಆಗುವುದಿಲ್ಲ ಅಂದರೆ, ಕಂಪನಿಯ ಹೆಸರು, ಹುದ್ದೆಯ ವಿವರ ಕೇಳಿ ಪಡೆದು, ಕಂಪನಿಯ ವೆಬ್‌ಸೈಟಿನಲ್ಲಿ ಆ ಹುದ್ದೆ ಇದೆಯಾ ನೋಡು. ಇದ್ದರೆ, ಕೆಲಸ ನಿನಗೆ ಬೇಕೇ ಬೇಕು ಅನ್ನಿಸಿದರೆ, ವರ್ಷವನ್ನೂ ಕೊಡು. ಅಷ್ಟಕ್ಕಾಗಿ ಒಳ್ಳೆಯ ಅವಕಾಶ ಬಿಡಬೇಡ. ಕೊಡುವಾಗ ತಾರೀಖು ಆಧಾರ್‌ನಲ್ಲೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಇರುವಂತೆಯೇ ಇರಲಿ. ನಮ್ಮ ಕಾಲದವರಿಗೆ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಆಮೇಲೆ ಪಿಎಫ್ ಖಾತೆಯಲ್ಲೊಂದು ತಾರೀಖು, ಆಧಾರ್‌ನಲ್ಲೊಂದು ತಾರೀಖು ಅಂತಾಗಿ ಹಣ ತೆಗೆಯಲು ಎಷ್ಟು ಜನ ಅಲೆದಾಡಿದ್ದನ್ನು ನಾನೇ ನೋಡಿದ್ದೇನೆ.

ಫೋಟೋ ಕೊಡಲೇಬೇಕಾಗಿ ಬಂದರೆ ರೆಸ್ಯೂಮೆ ಒಳಗೆ ಅಂಟಿಸಬೇಡ. ಬೇರೆ ಫೈಲ್ ಮಾಡಿ ಕಳಿಸು, ಆಗ ಕಂಪನಿಗೆ ಕಳಿಸುವಾಗ ಬೇಡದಿದ್ದರೆ ತೆಗೆದಿಡಬಹುದು. ಸ್ಟುಡಿಯೋದಲ್ಲಿ ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಎತ್ತರ, ಬಿಳಿ ಹಿನ್ನೆಲೆ ಅಂತ ಹೇಳಿದರೆ ಸಾಕು. ಮದುವೆಮನೆ ಫೋಟೋದಿಂದ ಮುಖ ಕತ್ತರಿಸಿ ಕಳಿಸುವುದು ಬೇಡ.

ಎಲ್ಲ ಕಡೆಯೂ ಹೀಗೇ ಅಲ್ಲ. ಸರ್ಕಾರಿ ಹುದ್ದೆಗೆ ವಯೋಮಿತಿ ಇದೆ, ಹಾಲ್ ಟಿಕೆಟ್‌ಗೆ ಫೋಟೋ ಬೇಕು, ಅಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಕೊಡಬೇಕು. ನಮ್ಮ ಭಟ್ಕಳ, ಹೊನ್ನಾವರದ ಕಡೆಯವರು ಗಲ್ಫಿಗೆ ಅರ್ಜಿ ಹಾಕುವಾಗ ಎರಡನ್ನೂ ಹಾಕುವುದು ರೂಢಿ. ಆದರೆ ಏಜೆಂಟು ಸರ್ಕಾರದಲ್ಲಿ ನೋಂದಾಯಿಸಿದವನೇ ಅಂತ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿಯೇ ಕೊಡಬೇಕು.

ಈ ಕನ್ಸಲ್ಟೆನ್ಸಿಯವರು ಆಧಾರ್, ಪ್ಯಾನ್ ಕಾಪಿಯನ್ನೋ, ರಿಜಿಸ್ಟ್ರೇಷನ್ ಫೀ ಅಂತ ದುಡ್ಡನ್ನೋ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸು. ಹಾಗೇನೂ ಕೇಳದಿದ್ದರೆ ಮೇಲಿನ ಉತ್ತರ ಇವತ್ತು ರಾತ್ರಿಯೇ ಹೋಗಲಿ. ಬಂದ ಉತ್ತರವನ್ನು ನನಗೂ ಕಳಿಸು, ಅವರು ಏನು ಕಾರಣ ಹೇಳಿದರು ಅಂತ ಓದಿ ಮುಂದಿನದು ನೋಡೋಣ.

ನಿನ್ನ ಆಯಿ